ರಜೆ ಬ್ಯಾಲೆನ್ಸ್ ಸೊನ್ನೆ ಆಗುವುದಿಲ್ಲ

“ಜುಲೈ 1ಕ್ಕೆ ಎಲ್ಲರ ರಜೆ ಸೊನ್ನೆ ಆಗುತ್ತಂತೆ, ಅಷ್ಟರೊಳಗೆ ಮುಗಿಸಿಕೊಳ್ಳಿ.”

ನಮ್ಮಲ್ಲಿ ಫಾರ್ವರ್ಡ್ ಆಗುತ್ತಿರುವ ಈ ಮೆಸೇಜ್ ತಪ್ಪು. ನನ್ನ ಮೊದಲ ಮೇಲ್‌ನಲ್ಲಿ “ಜುಲೈಯಿಂದ ಹೊಸ ಲೆಕ್ಕ” ಎಂದು ಬರೆದಿದ್ದೆ, ಗೊಂದಲ ಅಲ್ಲಿಂದಲೇ ಬಂದಿರಬೇಕು. ವಿಲೀನವಾಗುತ್ತಿರುವ ನಮ್ಮ ಎರಡೂ ಕಂಪನಿಗಳು ಸಹಿ ಹಾಕಿದ ರಜೆ ನೀತಿಯಲ್ಲಿ ಬದಲಾಗಿರುವುದು ರಜೆ ಸೇರುವ ವೇಗ. ಈಗಾಗಲೇ ಗಳಿಸಿದ ರಜೆ ಹಾಗೆಯೇ ಉಳಿಯುತ್ತದೆ.

ಮೊದಲ ಕಂಪನಿಯವರಿಗೆ ತಿಂಗಳಿಗೆ 2 ದಿನ ಗಳಿಕೆ ರಜೆ ಸೇರುತ್ತಿತ್ತು, ಇನ್ನು 1.5. ಜೂನ್ 30ಕ್ಕೆ 11 ದಿನ ಇದ್ದವರಿಗೆ ಜುಲೈ ಕೊನೆಗೆ 12.5 ಆಗುತ್ತದೆ. ಹೌದು, ಇವರಿಗೆ ಸ್ವಲ್ಪ ನಷ್ಟವೇ. ಅನಾರೋಗ್ಯ ರಜೆ ಮಾತ್ರ ವರ್ಷಕ್ಕೆ 6ರಿಂದ 10ಕ್ಕೆ ಏರುತ್ತದೆ.

ಎರಡನೆಯ ಕಂಪನಿಯಲ್ಲಿ ಎಲ್ಲ ರಜೆಯೂ ಒಂದೇ ಖಾತೆಯಲ್ಲಿತ್ತು. ಅದರಲ್ಲಿ ಯಾವುದು ಅನಾರೋಗ್ಯದ್ದು ಎಂದು ಬೇರೆ ಮಾಡಲು ಆಗುವುದಿಲ್ಲ, ಅಲ್ವಾ? ಹಾಗಾಗಿ ಉಳಿದದ್ದೆಲ್ಲ ಗಳಿಕೆ ರಜೆಗೆ ಹೋಗುತ್ತದೆ. ಅನಾರೋಗ್ಯ ರಜೆ ಈ ಅರ್ಧ ವರ್ಷಕ್ಕೆ ಹೊಸದಾಗಿ 5 ದಿನ ಸಿಗುತ್ತದೆ.

ಆಗಸ್ಟ್‌ಗೆ ಮಂಜೂರಾದ ರಜೆಯನ್ನು ಸುಮ್ನೆ ಜುಲೈಗೆ ಮೊದಲೇ ಮುಗಿಸಿಕೊಳ್ಳಬೇಡಿ, ಅದು ಊರ್ಜಿತ. ಜೂನ್ ಮತ್ತು ಜುಲೈ ಸಂಬಳ ಚೀಟಿಯ ಬ್ಯಾಲೆನ್ಸ್ ಹೋಲಿಸಿ, ಈ ಲೆಕ್ಕಕ್ಕೆ ತಾಳೆಯಾಗದಿದ್ದರೆ ತಿಳಿಸಿ. ಆ ಮೆಸೇಜನ್ನು ಇನ್ನು ಫಾರ್ವರ್ಡ್ ಮಾಡಬೇಡಿ.