ಇಂಚು ಕೇಳ್ತೀರಿ, ಗಂಟೆ ಯಾಕೆ ಕೇಳಲ್ಲ ಸಾಹುಕಾರ್ರೇ?

ಈಗಷ್ಟೇ ದಾವಣಗೆರೆಯ ಒಂದು ಸೀರೆ ಅಂಗಡಿಯಿಂದ ಹೊರಗೆ ಬಂದೆ, ತಲೆ ಬಿಸಿಯಾಗಿದೆ. ಬಾಗಿಲು ದಾಟಿದ ಕೂಡಲೇ ಎದುರಿಗೆ 55 ಇಂಚಿನ ಟಿವಿ. ಧಾರೆ ಸೀರೆ ಉಟ್ಟ ಮದುಮಗಳ ವಿಡಿಯೋ ಓಡ್ತಾ ಇದೆ, ಆದರೆ ಆಕೆಯ ಕೆನ್ನೆ ಮೇಲೆ ಅಂಗಡಿಯ ಹೆಸರಿನ ನೆರಳು. ಎರಡು ವರ್ಷದಿಂದ ಅದೇ ಮೂಲೆಯಲ್ಲಿ ಅದೇ ಲೋಗೋ ಹಾಕಿಟ್ಟಿದ್ದಕ್ಕೆ ಬಿದ್ದ ಅಚ್ಚು ಅದು. ಪರದೆಯ ಎಡಭಾಗ ಮಂಕು, ಬಲಭಾಗದಲ್ಲಿ ಅಲ್ಲಲ್ಲಿ ನೀಲಿ ಮಚ್ಚೆ. ಸಾಹುಕಾರ್ರು ಹೇಳಿದ್ದು: "ಇದೂ ಹೋಯ್ತು ಅನ್ಸುತ್ತೆ. ಈ ಸಲ 65 ಇಂಚೇ ತರ್ತೀವಿ, ಆಫರ್ ಐತಿ."

ಮತ್ತೆ ಮನೆ ಟಿವಿಯೇ! ದಿನವಿಡೀ ಓಡೋಕೆ ಅಂತಲೇ ಮಾಡಿದ ಕಮರ್ಷಿಯಲ್ ಡಿಸ್‌ಪ್ಲೇ ಇರುವಾಗ! ಇಂಚು ಹೆಚ್ಚಾದರೆ ಆಯಸ್ಸೂ ಹೆಚ್ಚುತ್ತೆ ಅನ್ನೋ ಹಾಗೆ.

ಲೆಕ್ಕ ಕಷ್ಟದ್ದೇನಲ್ಲ. ಮನೆಯಲ್ಲಿ ಟಿವಿ ದಿನಕ್ಕೆ ಐದು ಗಂಟೆ ಓಡುತ್ತೆ ಅಂದ್ಕೊಳ್ಳಿ, ವರ್ಷಕ್ಕೆ 1,825 ಗಂಟೆ ಆಯ್ತು. ಅಂಗಡಿಯಲ್ಲಿ ಬೆಳಗ್ಗೆ ಒಂಬತ್ತಕ್ಕೆ ಪೂಜೆಯ ಹೊತ್ತಿಗೆ ಹಾಕಿದ್ದನ್ನ ಆರಿಸೋದು ರಾತ್ರಿ ಒಂಬತ್ತೂವರೆಗೆ ಶಟರ್ ಎಳೆಯುವಾಗ. ಅದು ಹನ್ನೆರಡೂವರೆ ಗಂಟೆ. ವರ್ಷಕ್ಕೆ 360 ದಿನ ಹಿಡಿದರೂ 4,500 ಗಂಟೆ. ಮನೆಯಲ್ಲಿ ನಾಲ್ಕು ವರ್ಷ ಓಡುವ 7,300 ಗಂಟೆಯನ್ನು ಅಂಗಡಿ ಒಂದು ವರ್ಷ ಏಳೆಂಟು ತಿಂಗಳಲ್ಲಿ ಓಡಿಸಿಬಿಡುತ್ತೆ. ಆಮೇಲೆ "ಈಗಿನ ಟಿವಿಗಳು ಬಾಳಿಕೆ ಬರಲ್ಲ ಬಿಡಿ" ಅಂತ ಕಂಪನಿಗೆ ಬೈಗುಳ. ಟಿವಿ ತನ್ನ ಪಾಲಿನ ಕೆಲಸ ಮುಗಿಸಿಯೇ ಸತ್ತಿದೆ ಸ್ವಾಮಿ.

ಒಳಗೆ ಏನಾಗುತ್ತೆ ನೋಡಿ. ಎಲ್‌ಇಡಿ ಟಿವಿಯ ಪ್ಯಾನೆಲ್ ಅಂದರೆ ಎಲ್‌ಸಿಡಿ, ಅದಕ್ಕೆ ಸ್ವಂತ ಬೆಳಕಿಲ್ಲ, ಬೆಳಕು ಬರೋದು ಹಿಂದಿನ ಬ್ಯಾಕ್‌ಲೈಟ್ ಪಟ್ಟಿಗಳಿಂದ. ಆ ಪಟ್ಟಿಗಳ ಮೇಲಿನ ಪುಟ್ಟ ಎಲ್‌ಇಡಿಗಳನ್ನ ಸಾಲಾಗಿ ಒಂದರ ಹಿಂದೊಂದು ಜೋಡಿಸಿರ್ತಾರೆ, ಹಳೇ ದೀಪಾವಳಿ ಸರದ ಹಾಗೆ. ಒಂದು ಕಡಿದುಕೊಂಡರೆ ಆ ಸಾಲೇ ಆರಿಹೋಗುತ್ತೆ, ಬಹಳ ಮಾಡೆಲ್‌ಗಳಲ್ಲಿ ಡ್ರೈವರ್ ಸರ್ಕ್ಯೂಟ್ ಇಡೀ ಬ್ಯಾಕ್‌ಲೈಟನ್ನೇ ಬಂದ್ ಮಾಡಿಬಿಡುತ್ತೆ. ಇದರ ಗುರುತು ಸುಲಭ: ಹಾಡು ಕೇಳ್ತಾ ಇದೆ, ಪರದೆ ಕತ್ತಲು. ಟಾರ್ಚನ್ನ ಓರೆಯಾಗಿ ಹಿಡಿದು ಹತ್ತಿರದಿಂದ ನೋಡಿ, ಚಿತ್ರ ಮಸುಕಾಗಿ ಕಂಡರೆ ಪ್ಯಾನೆಲ್ ಬದುಕಿದೆ, ಬೆಳಕಷ್ಟೇ ಸತ್ತಿದೆ. ರಿಪೇರಿ ಮಾಡಿಸೋದಾದರೆ ಎಲ್ಲಾ ಪಟ್ಟಿಗಳನ್ನೂ ಒಟ್ಟಿಗೇ ಹಾಕಿಸಿ. ಕೆಟ್ಟ ಒಂದನ್ನಷ್ಟೇ ಬದಲಿಸಿದರೆ ಅಷ್ಟೇ ಬೆಂದಿರುವ ಪಕ್ಕದ್ದು ಕೆಲವೇ ತಿಂಗಳಲ್ಲಿ ಕೈ ಕೊಡುತ್ತೆ, ಆಗ ಮತ್ತೆ ಪ್ಯಾನೆಲ್ ಬಿಚ್ಚಬೇಕು. 55 ಇಂಚಿನ ಆ ತೆಳು ಗಾಜನ್ನ ಪ್ರತಿ ಸಲ ಎತ್ತುವಾಗಲೂ ಬಿರುಕು ಬಿಡೋ ಭಯ ಇದ್ದೇ ಇದೆ.

ಈ ಪಟ್ಟಿಗಳನ್ನ ಕೊಲ್ಲೋದು ಗಂಟೆ ಮತ್ತು ಶಾಖ ಎರಡೂ ಸೇರಿ. ಪರದೆಯ ಬೆಳಕನ್ನ ಅಳೆಯೋದು ನಿಟ್ಸ್ ಲೆಕ್ಕದಲ್ಲಿ, ಮನೆ ಟಿವಿಯದು ಸಾಮಾನ್ಯವಾಗಿ 250ರಿಂದ 350 ನಿಟ್ಸ್. ಗಾಜಿನ ಮುಂಭಾಗದ ಅಂಗಡಿಯಲ್ಲಿ, ಮೇಲೆ ಅಷ್ಟೊಂದು ಲೈಟುಗಳ ನಡುವೆ, ಅದು ಸಾಕಾಗಲ್ಲ. ಆಗ ಹುಡುಗರು ಏನು ಮಾಡ್ತಾರೆ? ಪಿಕ್ಚರ್ ಮೋಡನ್ನ `Vivid`ಗೆ ಹಾಕಿ ಬ್ಯಾಕ್‌ಲೈಟನ್ನ ನೂರಕ್ಕೆ ತಳ್ತಾರೆ. ಅಂದರೆ ಐದು ಗಂಟೆಯ ಯಂತ್ರಕ್ಕೆ ಹನ್ನೆರಡೂವರೆ ಗಂಟೆ ಡ್ಯೂಟಿ, ಅದೂ ಓಡೋಡುತ್ತಾ. ಮೇಲಿಂದ ಅದನ್ನ ಪ್ಲೈವುಡ್ ಗೂಡಿನೊಳಗೆ ಕೂರಿಸಿ, ಸುತ್ತ ಲ್ಯಾಮಿನೇಟ್ ಹೊಡೆದು, ಕೆಳಗೆ ಗಣಪತಿ ಇಟ್ಟು ದಿನಾ ಊದುಬತ್ತಿ! ನೋಡೋಕೆ ಚೆಂದ, ಒಪ್ಪಿದೆ. ಹೊಗೆಯ ಜಿಡ್ಡು, ಸೀರೆಯ ನೂಲಿನ ದೂಳು ಎರಡೂ ಸೇರಿ ಹಿಂದಿನ ಗಾಳಿ ಕಿಂಡಿಗಳಲ್ಲಿ ಕಂಬಳಿಯಂತೆ ಕೂತಿರುತ್ತೆ. ಪವರ್ ಬೋರ್ಡಿನ ಕೆಪಾಸಿಟರ್‌ಗಳ ಆಯಸ್ಸು ಪ್ರತಿ 10 ಡಿಗ್ರಿ ಶಾಖ ಏರಿದಾಗಲೂ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತೆ ಅನ್ನೋದು ಈ ಕಸುಬಿನವರಿಗೆಲ್ಲ ಗೊತ್ತಿರೋ ಮಾತು.

ಹಾಗಾದರೆ ಕಮರ್ಷಿಯಲ್ ಡಿಸ್‌ಪ್ಲೇ ಅಂದರೆ ಏನು, ದುಡ್ಡು ಜಾಸ್ತಿ ಕೀಳೋಕೆ ಹೆಸರು ಬದಲಿಸಿದ್ದಾ? ಅಲ್ಲ. ಅದರ ವಿವರಪಟ್ಟಿಯಲ್ಲಿ ಒಂದು ಸಾಲು ಇರುತ್ತೆ, ಮನೆ ಟಿವಿಯ ಪಟ್ಟಿಯಲ್ಲಿ ಅದು ಸಿಗಲ್ಲ: `16/7` ಅಥವಾ `24/7`. ದಿನಕ್ಕೆ 16 ಗಂಟೆ, ವಾರದ ಏಳೂ ದಿನ ಓಡಿಸಬಹುದು ಅಂತ ಕಂಪನಿಯೇ ಬರೆದುಕೊಡುವ ಮಾತು ಅದು. ನಾನು ಕೇಳಿ ಅನ್ನೋ ಗಂಟೆ ಇದೇ. ಸೀರೆ ಅಂಗಡಿಗೆ `16/7` ಧಾರಾಳವಾಗಿ ಸಾಕು. `24/7` ಬೇಕಿರೋದು ಆಸ್ಪತ್ರೆಗೆ, ಪೆಟ್ರೋಲ್ ಬಂಕ್‌ಗೆ, ರಾತ್ರಿಯಿಡೀ ತೆರೆದಿರುವ ಜಾಗಗಳಿಗೆ. ಅಂಗಡಿಗೂ ಅದನ್ನೇ ತಗೊಳ್ಳಿ ಅಂತ ಯಾರಾದರೂ ಒತ್ತಾಯ ಮಾಡಿದರೆ ನಮಸ್ಕಾರ ಹೇಳಿ ಬನ್ನಿ.

ಆಮೇಲೆ ಬೆಳಕು. ಈ ಅಂಗಡಿಯ ಲಾಬಿಯಂಥ ಕಡೆಗೆ 400ರಿಂದ 500 ನಿಟ್ಸ್ ಇರೋದನ್ನ ಆರಿಸಿ, ಆದರೆ ಪೂರ್ತಿ ಬೆಳಕಿಗೆ ಓಡಿಸಬೇಡಿ. 500ರ ಪರದೆಯನ್ನ ಶೇಕಡಾ 70ಕ್ಕೆ ಇಟ್ಟರೆ 350ರ ಟಿವಿ ಉಸಿರು ಕಟ್ಟಿ ಕೊಡುವ ಬೆಳಕನ್ನ ಇದು ನಿರಾಳವಾಗಿ ಕೊಡುತ್ತೆ. ಅದಕ್ಕಿಂತ ಮುಖ್ಯ ಪರದೆಯ ಮೇಲ್ಮೈ. ಮನೆ ಟಿವಿ ಹೆಚ್ಚಾಗಿ ಕನ್ನಡಿಯಂತೆ ಹೊಳೆಯುತ್ತೆ, ಎದುರಿನ ಟ್ಯೂಬ್‌ಲೈಟ್, ರಸ್ತೆಯ ಬಿಸಿಲು, ಗಿರಾಕಿಯ ಮುಖ ಎಲ್ಲಾ ಅದರಲ್ಲೇ ಕಾಣುತ್ತೆ. ಕಮರ್ಷಿಯಲ್ ಪರದೆಗಳಲ್ಲಿ ಪ್ರತಿಫಲನ ಚದುರಿಸುವ ಮಂಜು ಲೇಪ ಇರುತ್ತೆ. ವಿವರಪಟ್ಟಿಯಲ್ಲಿ `Haze 25%` ಅಥವಾ ಅದಕ್ಕಿಂತ ಹೆಚ್ಚು ಇದೆಯಾ ನೋಡಿ. ಗಾಜಿನೊಳಗೆ ಕೂತು ರಸ್ತೆಗೆ ಮುಖ ಮಾಡುವ ಪರದೆ ಬೇಕು ಅನ್ನೋರ ಲೆಕ್ಕವೇ ಬೇರೆ, ಅದಕ್ಕೆ 2,500 ನಿಟ್ಸ್ ಮೇಲಿನದೇ ಬೇಕು. 500ರದ್ದು ಅಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಕರಿ ಹಲಗೆ.

ಕರೆಂಟ್ ವಿಷಯ ಹೇಳದಿದ್ದರೆ ನಿದ್ದೆ ಬರಲ್ಲ. ನಮ್ಮೂರಲ್ಲಿ ಕರೆಂಟ್ ಹೋಗುತ್ತೆ, ಜನರೇಟರ್ ಹತ್ತುತ್ತೆ, ಮತ್ತೆ ಲೈನ್ ಬರುತ್ತೆ. ಪ್ರತಿ ಸಲವೂ ಬಹುತೇಕ ಮನೆ ಟಿವಿಗಳು ಕೆಂಪು ದೀಪ ತೋರಿಸ್ಕೊಂಡು ಸುಮ್ಮನೆ ಕೂರ್ತವೆ. ಹುಡುಗ ರಿಮೋಟ್ ಹುಡುಕಬೇಕು. ಆನ್ ಮಾಡಿದರೆ ಬರೋದು ಹೋಮ್ ಪೇಜ್, ಯಾವುದೋ ವೆಬ್ ಸೀರೀಸಿನ ಜಾಹೀರಾತು. ಮದುವೆ ಜವಳಿ ತೆಗೆಯೋಕೆ ಬಂದ ಮನೆಮಂದಿಯ ಎದುರಿಗೆ ಕತ್ತಿ ಹಿಡಿದು ರಕ್ತ ಸುರಿಸ್ಕೊಂಡು ನಿಂತ ನಾಯಕ! ಎಷ್ಟೋ ಟಿವಿಗಳು ನಾಲ್ಕು ಗಂಟೆ ಯಾರೂ ರಿಮೋಟ್ ಮುಟ್ಟದಿದ್ದರೆ "ಮನೆಯಲ್ಲಿ ಯಾರೂ ಇಲ್ಲ" ಅಂದ್ಕೊಂಡು ತಾವೇ ಆರಿಹೋಗ್ತವೆ. ಕಮರ್ಷಿಯಲ್ ಡಿಸ್‌ಪ್ಲೇಯ ಮೆನುವಿನಲ್ಲಿ `Power On Status` ಅಥವಾ `Auto Power On` ಅನ್ನೋದಿರುತ್ತೆ. ಅದನ್ನ ಸರಿಯಾಗಿ ಇಟ್ಟರೆ ಕರೆಂಟ್ ಬಂದ ಕೂಡಲೇ ತಾನೇ ಹತ್ತಿಕೊಂಡು ಅದೇ ಇನ್‌ಪುಟ್‌ಗೆ ಮರಳುತ್ತೆ. ಪೆನ್‌ಡ್ರೈವಿನ ವಿಡಿಯೋವನ್ನೂ ತಾನೇ ಶುರು ಮಾಡುವ ಮಾಡೆಲ್‌ಗಳಿವೆ, ಕೊಳ್ಳುವಾಗ ಅದನ್ನ ಕೇಳಿ. ಆನ್-ಆಫ್ ಟೈಮರ್ ಒಳಗೇ ಇರುತ್ತೆ, ರಿಮೋಟ್ ಕೆಲಸ ಮಾಡದಂತೆ ಬೀಗ ಹಾಕುವ ಸೌಲಭ್ಯವೂ ಇರುತ್ತೆ. ಅಂಗಡೀಲಿ ಓಡಾಡೋ ಮಕ್ಕಳಿರುವವರಿಗೆ ಈ ಬೀಗದ ಬೆಲೆ ಗೊತ್ತು.

ಈಗ ಲೋಗೋ ಅಚ್ಚಿನ ಕಥೆ. ಇಲ್ಲಿ ಸತ್ಯ ಹೇಳಬೇಕು: ಕಮರ್ಷಿಯಲ್ ಪರದೆಗೂ ಅಚ್ಚು ಬೀಳುತ್ತೆ. ಒಂದೇ ಚಿತ್ರ ಗಂಟೆಗಟ್ಟಲೆ ನಿಂತರೆ ಎಲ್‌ಸಿಡಿಯೊಳಗಿನ ಅಯಾನುಗಳು ಒಂದೆಡೆ ಜಮಾಯಿಸ್ತವೆ, ಬಿಸಿಯಲ್ಲಿ ಇನ್ನೂ ಬೇಗ. ಚಿತ್ರವನ್ನ ಕಣ್ಣಿಗೆ ಕಾಣದಷ್ಟು ಆಚೀಚೆ ಸರಿಸುವ `Pixel Shift` ಇದ್ದರೆ ಅನುಕೂಲವೇ, ಆದರೆ ಕೈಯಗಲದ ಲೋಗೋಗೆ ಅದರಿಂದ ಪೂರ್ತಿ ರಕ್ಷಣೆ ಸಿಗಲ್ಲ. ವಿಡಿಯೋ ಮಾಡಿಸುವಾಗಲೇ ಹೇಳಿ: ಲೋಗೋ ಒಂದೇ ಮೂಲೆಯಲ್ಲಿ ಕೂರಬಾರದು, ಕೆಲವು ನಿಮಿಷಕ್ಕೊಮ್ಮೆ ಜಾಗ ಬದಲಿಸಬೇಕು ಅಥವಾ ಮಾಯವಾಗಬೇಕು. ಕಡು ಕಪ್ಪಿನ ಮೇಲೆ ಅಚ್ಚ ಬಿಳಿ ಅಕ್ಷರದ ಸ್ಥಿರ ಪಟ್ಟಿ ಬೇಡ. ರಾತ್ರಿ ಆರಿಸಲೇಬೇಕು. ಪರೀಕ್ಷೆಗೆ ಪೆನ್‌ಡ್ರೈವಿನಲ್ಲಿ ಪೂರ್ತಿ ಬೂದು ಬಣ್ಣದ ಒಂದು ಚಿತ್ರ ಹಾಕಿ ತಿಂಗಳಿಗೊಮ್ಮೆ ನೋಡಿ. ನೆರಳು ತಿಳಿಯಾಗಿ ಶುರುವಾಗಿದ್ದರೆ ಕೆಲವು ಗಂಟೆ ಪರದೆ ತುಂಬ ಓಡುವ ದೃಶ್ಯ ಹಾಕಿದರೆ ಹೋಗಬಹುದು. ಎರಡು ವರ್ಷದ ನೆರಳು ಹೋಗಲ್ಲ. ಓಎಲ್‌ಇಡಿ ಟಿವಿಯನ್ನಂತೂ ಈ ಕೆಲಸಕ್ಕೆ ತರಲೇಬೇಡಿ, ಅಲ್ಲಿ ಬೆಳಕು ಕೊಡುವ ಚುಕ್ಕಿಗಳೇ ಸವೆಯೋದು, ಅಚ್ಚು ಶಾಶ್ವತ.

"ಒಂದು ಕಮರ್ಷಿಯಲ್ ದುಡ್ಡಿಗೆ ಹತ್ತಿರ ಹತ್ತಿರ ಎರಡು ಟಿವಿ ಬರ್ತವಲ್ಲ, ಕೆಟ್ಟರೆ ಇನ್ನೊಂದು!" ಗೊತ್ತು, ಕಾಮೆಂಟಿನಲ್ಲಿ ಇದೇ ಬರುತ್ತೆ. ಸರಿ, ಬನ್ನಿ. ದರ ಮಾಡೆಲ್ ಮೇಲೆ ಏರಿಳಿಯುತ್ತೆ, ಲೆಕ್ಕಕ್ಕೆ ಅಂತ ಮನೆ ಟಿವಿ 45,000, `16/7` ಡಿಸ್‌ಪ್ಲೇ 75,000 ಇಟ್ಕೊಳ್ಳಿ. ಡಿಸ್‌ಪ್ಲೇಗೆ ಮೂರು ವರ್ಷದ ವಾರಂಟಿ ಇರೋದನ್ನೇ ತಗೊಂಡರೆ 13,500 ಗಂಟೆಗೆ ಹೊಣೆ ಕಂಪನಿಯದು. ಗಂಟೆಗೆ ಐದೂವರೆ ರೂಪಾಯಿ. ಮನೆ ಟಿವಿ ಆ 7,300 ಗಂಟೆಗೆ ಕಣ್ಣು ಮುಚ್ಚಿದರೆ ಗಂಟೆಗೆ ಆರು ರೂಪಾಯಿ ದಾಟಿತು, ವಾರಂಟಿಯೂ ಇಲ್ಲ. ವಾರಂಟಿ ಕಾರ್ಡಿನ ಸಣ್ಣಕ್ಷರ ಓದಿ: "ಮನೆ ಬಳಕೆಗೆ ಮಾತ್ರ" ಅಂತ ಬಹಳಷ್ಟರಲ್ಲಿ ಇರುತ್ತೆ, ಅಂಗಡಿ ಗೋಡೆ ಮೇಲೆ ನೋಡಿದ ಸರ್ವಿಸ್ ಹುಡುಗ ಫೋಟೋ ಹೊಡ್ಕೊಂಡು ಹೋಗ್ತಾನೆ. ಟಿವಿಯನ್ನ ಉದ್ದಕ್ಕೆ ನಿಲ್ಲಿಸಿದ್ದರೆ ಇನ್ನೊಂದು ನೆಪ ಸಿಕ್ಕಂತೆ. ಮನೆ ಟಿವಿಯ ಗಾಳಿ ಕಿಂಡಿ, ಒಳಗೆ ಬೆಳಕು ಹರಡುವ ಹಾಳೆಗಳು ಎಲ್ಲಾ ಅಡ್ಡಕ್ಕೆ ಅಂತಲೇ ಮಾಡಿದ್ದು.

ಒಂದು ಮಾತು ಒಪ್ತೀನಿ. ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಮಾತ್ರ ತೆರೆಯುವ ಕ್ಲಿನಿಕ್ಕಿನ ಒಳಕೋಣೆಗೆ ಮನೆ ಟಿವಿ ಬಾಳುತ್ತೆ, ವಾರಂಟಿಯ ಆಸೆ ಬಿಟ್ಟರೆ. ದುಡ್ಡು ಕಮ್ಮಿ, ಚಾನೆಲ್ಲೂ ಬೇಕು ಅನ್ನೋ ಸಣ್ಣ ಅಂಗಡಿಗೆ ಕಂಪನಿಗಳು ಬಿಸಿನೆಸ್ ಟಿವಿ ಅಂತ ನಡುವಿನದೊಂದು ಮಾಡ್ತವೆ, ಅದರಲ್ಲೂ `16/7` ಬರೆದಿದೆಯಾ ನೋಡಿ.

ಸಾಹುಕಾರ್ರಿಗೆ ಚೀಟಿಯಲ್ಲಿ ಬರೆದುಕೊಟ್ಟು ಬಂದಿದ್ದು ಇಷ್ಟು: ಮಾಡೆಲ್ ನಂಬರ್ ಮೊದಲು ತಗೊಳ್ಳಿ, ಕಂಪನಿಯ ವೆಬ್‌ಸೈಟಿನ ಬಿಸಿನೆಸ್ ವಿಭಾಗದಲ್ಲಿ ಅದು ಇದೆಯಾ ನೋಡಿ, "ಅಂಗಡಿಗೂ ನಡೆಯುತ್ತೆ ಸಾರ್" ಅನ್ನೋ ಬಾಯಿಮಾತು ಬೇಡ. ವಾರಂಟಿ ಎಷ್ಟು ವರ್ಷ, ಜಾಗಕ್ಕೇ ಬಂದು ಮಾಡ್ತಾರಾ ಅಂತ ಬಿಲ್ಲಿನಲ್ಲಿ ಬರೆಸಿ. ಸ್ಪೀಕರ್, ಸ್ಟ್ಯಾಂಡ್ ಜೊತೆಗೆ ಬರುತ್ತಾ ಕೇಳಿ, ಎಷ್ಟೋ ಡಿಸ್‌ಪ್ಲೇಗಳಲ್ಲಿ ಬರಲ್ಲ, ಚಾನೆಲ್ ಟ್ಯೂನರ್ರೂ ಇರಲ್ಲ. ಗೂಡು ಒಡೆಸಿ, ಸುತ್ತ 10 ಸೆಂಟಿಮೀಟರ್ ಗಾಳಿ ಬಿಡಿ. ತಿಂಗಳಿಗೊಮ್ಮೆ ಆರಿಸಿ, ಬ್ಲೋವರ್‌ನಲ್ಲಿ ಹಿಂದಿನ ದೂಳು ಹಾರಿಸಿ.

ಚೀಟಿ ಓದಿದವರು ಕೇಳಿದ್ದು ಒಂದೇ. "ಗಣಪತೀನೂ ತೆಗೀಬೇಕೇನ್ರಿ?" ಬೇಡ ಸಾಹುಕಾರ್ರೇ, ಊದುಬತ್ತಿ ಮಾತ್ರ ಗಲ್ಲಾಪೆಟ್ಟಿಗೆ ಹತ್ತಿರ ಹಚ್ಚಿ.