ಎಚ್‌ಆರ್ ಶೀಟಿನಲ್ಲಿ ತಾರೀಕು ಇದೆ ಅಂತ ಶುಭಾಶಯ ಹಾಕಬೇಡಿ

ಸಿಬ್ಬಂದಿಯ ಹುಟ್ಟುಹಬ್ಬಕ್ಕೆ, ಕೆಲಸಕ್ಕೆ ಸೇರಿ ಇಷ್ಟು ವರ್ಷ ಆಯಿತು ಅನ್ನುವುದಕ್ಕೆ ಕಂಪನಿಯ ಪೇಜಿನಲ್ಲಿ ಫೋಟೋ ಹಾಕಿ ಶುಭಾಶಯ ಹೇಳುವ ರೂಢಿ ಈಗ ನಮ್ಮ ಕಾಸರಗೋಡಿನ ಸಣ್ಣ ಸಣ್ಣ ಆಫೀಸುಗಳಿಗೂ ಬಂದಿದೆ. ಎಚ್‌ಆರ್ ಶೀಟಿನಲ್ಲಿ ಎಲ್ಲರ ಜನ್ಮದಿನಾಂಕ ಇರುತ್ತದೆ. ಒಂದು ಫಾರ್ಮುಲಾ ಬರೆದರೆ ಇವತ್ತು ಯಾರದ್ದು ಅಂತ ಅದೇ ಹೇಳುತ್ತದೆ. ಒಂದು ಟೆಂಪ್ಲೇಟಿಗೆ ಹೆಸರು ತುಂಬಿದರೆ ಪೋಸ್ಟ್ ರೆಡಿ. ನಾನು ಈ ಕೆಲಸವನ್ನು ಮಾಡುತ್ತಾ ಬಂದವನು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಆ ಶೀಟಿನಿಂದ ನೇರವಾಗಿ ಪೋಸ್ಟ್ ಮಾಡಲೇಬಾರದು. ನಡುವೆ ಇನ್ನೊಂದು ಶೀಟ್ ಬೇಕು. ಅದರಲ್ಲಿ ಏನಿರಬೇಕು ಅಂತ ಆಯಾ ವ್ಯಕ್ತಿಯೇ ಹೇಳಬೇಕು.

ಮೊದಲು ತಾರೀಕಿನ ವಿಷಯ. ಎಚ್‌ಆರ್ ಶೀಟಿನಲ್ಲಿರುವುದು ಸರ್ಟಿಫಿಕೇಟಿನ ತಾರೀಕು. ಪಿಎಫ್‌ಗೆ, ಆಧಾರ್ ಜೊತೆ ತಾಳೆ ನೋಡುವುದಕ್ಕೆ ಅದೇ ಬೇಕು, ಸರಿ. ಆದರೆ ನಮ್ಮ ಕಡೆ ನಲವತ್ತು ದಾಟಿದವರನ್ನು ಕೇಳಿ ನೋಡಿ. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಮಗುವಿಗೆ ಐದು ತುಂಬಿರಬೇಕು ಅಂತ ಮೇ ತಿಂಗಳ ಯಾವುದೋ ಒಂದು ದಿನ ಬರೆಸಿದವರು ಎಷ್ಟೋ ಜನ. ಕೇರಳದಲ್ಲಿ ಪ್ರತಿ ವರ್ಷ ಮೇ 31ಕ್ಕೆ ಸಾವಿರಾರು ಸರಕಾರಿ ನೌಕರರು ಒಟ್ಟಿಗೆ ನಿವೃತ್ತರಾಗುವುದಕ್ಕೆ ಇದೂ ಒಂದು ಕಾರಣ. ಇನ್ನು ಹುಟ್ಟಿದ ತಿಂಗಳು, ನಕ್ಷತ್ರ ನೋಡಿ ಆಚರಿಸುವ ಮನೆಗಳಿವೆ. ಅದು ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಪ್ರತಿ ವರ್ಷ ಬೇರೆ ದಿನ ಬೀಳುತ್ತದೆ. ಹುಟ್ಟುಹಬ್ಬವನ್ನು ಆಚರಿಸುವುದೇ ಬೇಡ ಅನ್ನುವ ಮನೆಗಳೂ ಇವೆ. ಕೆಲವರಿಗೆ ಅದು ಧರ್ಮದ ಪ್ರಶ್ನೆ, ಕೆಲವರಿಗೆ ಬರೀ ಇಷ್ಟವಿಲ್ಲ. ಕಾರಣ ಕೇಳುವ ಹಕ್ಕು ಆಫೀಸಿಗೆ ಇಲ್ಲ.

ನಮ್ಮ ಅಕೌಂಟ್ಸ್‌ನ ಅಕ್ಕನ ವಿಷಯವನ್ನೇ ಹೇಳುತ್ತೇನೆ. ಅವರು ಒಪ್ಪಿದ್ದಾರೆ, ಹೆಸರು ಬೇಡ ಅಂದಿದ್ದಾರೆ. ಶೀಟಿನಲ್ಲಿ ಅವರ ತಾರೀಕು ಮೇ 25. ನಾನು ಫಾರ್ಮ್ ಕೊಟ್ಟಾಗ ಅವರು ಹೇಳಿದ್ದು ಇಷ್ಟೆ: "ಅದು ಮಾಷ್ಟ್ರು ಬರೆದ ತಾರೀಕು ಮಾರಾಯ್ರೆ. ನಾನು ಹುಟ್ಟಿದ್ದು ಸೋಣ ತಿಂಗಳಲ್ಲಿ, ಆಗಸ್ಟ್ 28. ಅವತ್ತು ಗ್ರೂಪಿನಲ್ಲಿ ಹೇಳಿದರೆ ಖುಷಿ. ಫೇಸ್‌ಬುಕ್ಕಿಗೆ ಬೇಡ." ಕೆಲಸಕ್ಕೆ ಸೇರಿದ ದಿನದ ಪೋಸ್ಟ್ ಪೇಜಿನಲ್ಲಿ ಬರಲಿ ಅಂದರು, ಅದರಲ್ಲೂ ಫೋಟೋ ಬೇಡ. ನೋಡಿ, ಒಬ್ಬರದ್ದೇ ಉತ್ತರ ನಾಲ್ಕು ತರಹ. "ಶುಭಾಶಯ ಪೋಸ್ಟ್‌ಗೆ ಒಪ್ಪಿಗೆ ಇದೆಯೇ" ಅಂತ ಒಂದೇ ಪ್ರಶ್ನೆ ಕೇಳಿದ್ದರೆ ಅವರು ಹೌದು ಅನ್ನಬೇಕಿತ್ತಾ, ಇಲ್ಲ ಅನ್ನಬೇಕಿತ್ತಾ?

ಅದಕ್ಕೇ ಪ್ರಶ್ನೆಗಳನ್ನು ಬಿಡಿಸಿ ಕೇಳಬೇಕು. ಹುಟ್ಟುಹಬ್ಬ ಗ್ರೂಪಿನಲ್ಲಿ, ಹುಟ್ಟುಹಬ್ಬ ಪೇಜಿನಲ್ಲಿ, ಕೆಲಸದ ವಾರ್ಷಿಕ ದಿನ ಪೇಜಿನಲ್ಲಿ, ಫೋಟೋ. ಜೊತೆಗೆ ಯಾವ ತಾರೀಕು, ಹೆಸರು ಹೇಗೆ ಬರೆಯಬೇಕು. ಮೊದಲೇ ಟಿಕ್ ಹಾಕಿಟ್ಟ ಫಾರ್ಮ್ ಕೊಡಬಾರದು. ಉತ್ತರ ಕೊಡದಿದ್ದರೆ ಅದು ಇಲ್ಲ ಎಂದೇ ಲೆಕ್ಕ. ಕೆಲವು ಕಡೆ ಒಂದು ಕಾಗದಕ್ಕೆ ಎಲ್ಲರ ಹೆಸರು ಬರೆದು ಟೇಬಲಿನಿಂದ ಟೇಬಲಿಗೆ ಕಳಿಸಿ ಸಹಿ ಹಾಕಿಸುತ್ತಾರೆ. ಮೇಲೆ ಹತ್ತು ಜನ ಹೌದು ಅಂತ ಬರೆದಿರುವಾಗ ಹನ್ನೊಂದನೆಯವರು ಇಲ್ಲ ಅಂತ ಬರೆಯುವುದು ಸುಲಭವಲ್ಲ, ಅಲ್ವಾ? ಅದು ಒಪ್ಪಿಗೆ ಅಲ್ಲ, ದಾಕ್ಷಿಣ್ಯ. ಪ್ರತಿಯೊಬ್ಬರಿಗೂ ಬೇರೆ ಬೇರೆ ಫಾರ್ಮ್ ಹೋಗಬೇಕು. ಉತ್ತರ ಒಬ್ಬರಿಗೆ ಮಾತ್ರ ಕಾಣಬೇಕು.

ಕಾನೂನು ಇದನ್ನೇ ಹೇಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಅಂದರೆ ಒತ್ತಡವಿಲ್ಲದೆ, ಒಂದು ನಿರ್ದಿಷ್ಟ ಉದ್ದೇಶಕ್ಕೆ, ವಿಷಯ ತಿಳಿದು, ಸ್ಪಷ್ಟವಾಗಿ ಕೊಟ್ಟದ್ದಾಗಿರಬೇಕು. ಕೊಡುವುದು ಎಷ್ಟು ಸುಲಭವೋ ಹಿಂದೆ ತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕು. ಉದ್ಯೋಗದ ಅಗತ್ಯಗಳಿಗೆ ಕಂಪನಿ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಬಹುದು ಅಂತ ಅದೇ ಕಾಯ್ದೆಯ 7ನೇ ಸೆಕ್ಷನ್‌ನಲ್ಲಿ ಇದೆ. ಆದರೆ ಸಂಬಳಕ್ಕೆ ಜನ್ಮದಿನಾಂಕ ಬೇಕಾಗುವುದು ಬೇರೆ, ಫೇಸ್‌ಬುಕ್ಕಿನಲ್ಲಿ ಕೇಕಿನ ಚಿತ್ರ ಹಾಕುವುದು ಬೇರೆ. ಎರಡನೆಯದನ್ನು ಉದ್ಯೋಗದ ಅಗತ್ಯ ಅಂತ ಯಾರು ಹೇಳಿದರೂ ನಾನು ಒಪ್ಪುವುದಿಲ್ಲ.

ನಮ್ಮ ಗಡಿನಾಡಿನವರಿಗೆ ಇನ್ನೊಂದು ಮಾತು ಮುಖ್ಯ. ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಶೆಡ್ಯೂಲಿನ 22 ಭಾಷೆಗಳಲ್ಲಿ ತಮಗೆ ಬೇಕಾದದ್ದರಲ್ಲಿ ಓದುವ ಅವಕಾಶ ಕೊಡಬೇಕು ಅಂತ ಆ ಕಾಯ್ದೆ ಹೇಳುತ್ತದೆ. ಕನ್ನಡ, ಮಲಯಾಳ, ಕೊಂಕಣಿ, ಮರಾಠಿ ನಾಲ್ಕೂ ಆ ಪಟ್ಟಿಯಲ್ಲಿವೆ. ತುಳು ಇಲ್ಲ. ಬದಿಯಡ್ಕದಿಂದ ಬರುವವರಿಗೂ ನೀಲೇಶ್ವರದಿಂದ ಬರುವವರಿಗೂ ಒಂದೇ ಇಂಗ್ಲಿಷ್ ಫಾರ್ಮ್ ಕೊಟ್ಟರೆ ಇಬ್ಬರೂ ಓದದೆ ಟಿಕ್ ಹಾಕುತ್ತಾರೆ. ಕನ್ನಡದಲ್ಲೊಂದು, ಮಲಯಾಳದಲ್ಲೊಂದು ಮಾಡಿ. ಪ್ರಶ್ನೆ ಇರುವುದೇ ಆರು, ಒಂದು ಸಂಜೆಯ ಕೆಲಸ. ತುಳು ಮಾತ್ರ ಮಾತಾಡುವ ಅಣ್ಣನ ಹತ್ತಿರ ಕೂತು ತುಳುವಿನಲ್ಲೇ ಕೇಳಿ ತುಂಬಿಸಿ. ಪಟ್ಟಿಯಲ್ಲಿ ಇಲ್ಲದ ಮಾತ್ರಕ್ಕೆ ಕೇಳಬಾರದು ಅಂತ ಏನೂ ಇಲ್ಲ.

ಈಗ ಶೀಟ್. ಪೋಸ್ಟ್ ಮಾಡುವ ಹುಡುಗ ಅಥವಾ ಹುಡುಗಿಗೆ ಎಚ್‌ಆರ್ ಶೀಟ್ ಕಾಣಲೇಬಾರದು. ಸಂಬಳ, ವಿಳಾಸ, ಬ್ಯಾಂಕ್ ನಂಬರ್ ಎಲ್ಲ ಅದರಲ್ಲೇ ಇರುತ್ತದೆ. `IMPORTRANGE` ಹಾಕಿ ಬೇಕಾದ ಕಾಲಂ ಮಾತ್ರ ತರುತ್ತೇವೆ ಅಂತ ಕೆಲವರು ಹೇಳುತ್ತಾರೆ. ಅದು ಸುರಕ್ಷಿತ ಅಲ್ಲ. ಒಮ್ಮೆ ಆ ಶೀಟಿಗೆ ಅನುಮತಿ ಕೊಟ್ಟರೆ, ಹೊಸ ಶೀಟನ್ನು ಎಡಿಟ್ ಮಾಡುವ ಯಾರು ಬೇಕಾದರೂ ಹಳೆಯದರ ಯಾವ ಭಾಗವನ್ನಾದರೂ ಎಳೆದುಕೊಳ್ಳಬಹುದು. ಹಾಗಾಗಿ ಶುಭಾಶಯದ ಶೀಟ್ ಪೂರ್ತಿ ಬೇರೆ ಇರಲಿ, ಫಾರ್ಮಿನ ಉತ್ತರಗಳಿಂದಲೇ ಹುಟ್ಟಲಿ.

ಆ ಶೀಟಿನಲ್ಲಿ ಹುಟ್ಟಿದ ವರ್ಷ ಬೇಡ. ಶೀಟಿಗೆ ಒಂದು ವರ್ಷ ಬೇಕೇ ಬೇಕಲ್ಲ, ಎಲ್ಲರಿಗೂ 2000 ಅಂತ ಹಾಕಿ. ಅದು ಅಧಿಕ ವರ್ಷ, ಫೆಬ್ರವರಿ 29ರವರೂ ಸರಿಯಾಗಿ ಕೂರುತ್ತಾರೆ. ಉಳಿದ ವರ್ಷಗಳಲ್ಲಿ ಅವರಿಗೆ 28ಕ್ಕೋ ಮಾರ್ಚ್ 1ಕ್ಕೋ ಅಂತ ಅವರನ್ನೇ ಕೇಳಿ, ಅದನ್ನೇ ಬರೆದುಕೊಳ್ಳಿ. A ಕಾಲಂನಲ್ಲಿ ಹೆಸರು, Bಯಲ್ಲಿ ತಾರೀಕು, Dಯಲ್ಲಿ ಪೇಜಿಗೆ ಒಪ್ಪಿಗೆ, Gಯಲ್ಲಿ ಈಗ ಕೆಲಸದಲ್ಲಿ ಇದ್ದಾರಾ, Hನಲ್ಲಿ ಯಾವ ದಿನದವರೆಗೆ ತಡೆ ಅಂತ ಇದ್ದರೆ, ಇವತ್ತು ಪೇಜಿನಲ್ಲಿ ಹಾಕಬಹುದಾದ ಹೆಸರುಗಳು ಹೀಗೆ ಸಿಗುತ್ತವೆ:

```
=FILTER(A2:A, B2:B<>"", D2:D="YES", G2:G="ACTIVE", H2:H<TODAY(),
 TEXT(B2:B,"dd-mm")=TEXT(TODAY(),"dd-mm"))
```

ಇದರಲ್ಲಿ `B2:B<>""` ಅನ್ನುವ ತುಂಡನ್ನು ಬಿಟ್ಟುಬಿಡಬೇಡಿ. ಗೂಗಲ್ ಶೀಟ್ಸ್‌ನಲ್ಲಿ ಖಾಲಿ ಸೆಲ್ ಅಂದರೆ ಸೊನ್ನೆ, ಸೊನ್ನೆ ಅಂದರೆ 1899ರ ಡಿಸೆಂಬರ್ 30. ತಾರೀಕು ತುಂಬದೆ ಒಪ್ಪಿಗೆ ಮಾತ್ರ ಕೊಟ್ಟವರಿಗೆಲ್ಲ ಡಿಸೆಂಬರ್ 30ರಂದು ಒಟ್ಟಿಗೆ ಹುಟ್ಟುಹಬ್ಬ ಬಂದುಬಿಡುತ್ತದೆ. ಕೆಲಸಕ್ಕೆ ಸೇರಿದ ತಾರೀಕು ಖಾಲಿ ಇದ್ದು ವರ್ಷ ಲೆಕ್ಕ ಹಾಕಿದರೆ ನೂರಿಪ್ಪತ್ತಕ್ಕೂ ಜಾಸ್ತಿ ವರ್ಷದ ಸೇವೆ ಅಂತ ಬರುತ್ತದೆ. ಅಂಥ ಸಂಖ್ಯೆ ಕಂಡರೆ ಯಾರದ್ದೋ ತಾರೀಕು ಖಾಲಿ ಇದೆ ಅಂತ ತಿಳಿಯಿರಿ. ವಾರ್ಷಿಕ ದಿನಕ್ಕೆ ಇನ್ನೊಂದು ತೊಡಕು ಇದೆ. ಟ್ರೈನಿಯಾಗಿ ಸೇರಿದ ದಿನವಾ, ಪರ್ಮನೆಂಟ್ ಆದ ದಿನವಾ? ನಡುವೆ ಬಿಟ್ಟು ಮತ್ತೆ ಬಂದವರಿಗೆ ಯಾವುದು? ಇದನ್ನೂ ಅವರನ್ನೇ ಕೇಳಿ. ಮೊದಲ ದಿನದಿಂದ ಲೆಕ್ಕ ಹಾಕಿಸಿಕೊಳ್ಳುವುದು ಅವರ ಹೆಮ್ಮೆ.

H ಕಾಲಂ ನನಗೆ ಎಲ್ಲಕ್ಕಿಂತ ಮುಖ್ಯ. ಒಪ್ಪಿಗೆ ಕೊಟ್ಟದ್ದು ಜನವರಿಯಲ್ಲಿ. ಆಗಸ್ಟಿನಲ್ಲಿ ಅವರ ಮನೆಯಲ್ಲಿ ಸಾವಾಗಿರಬಹುದು, ಅವರೇ ಆಸ್ಪತ್ರೆಯಲ್ಲಿರಬಹುದು. ಫಾರ್ಮುಲಾಗೆ ಇದು ಗೊತ್ತಾಗುವ ದಾರಿಯೇ ಇಲ್ಲ. ನನಗೆ ಗೊತ್ತಿರುವ ಒಂದು ಕಡೆ, ತಂದೆಯ ಬೊಜ್ಜಕ್ಕೆ ಊರಿಗೆ ಹೋದವರಿಗೆ ಅದೇ ಬೆಳಿಗ್ಗೆ ಬಲೂನಿನ ಚಿತ್ರದ ಜೊತೆ "ಸಂಭ್ರಮಿಸಿ" ಅಂತ ಪೋಸ್ಟ್ ಹೋಗಿತ್ತು. ಕೆಳಗೆ ನಲವತ್ತು ಜನ ಕೇಕಿನ ಇಮೋಜಿ ಹಾಕಿದ್ದರು. ಹಾಕಿದವರ ತಪ್ಪಲ್ಲ, ಅವರಿಗೆ ಗೊತ್ತಿರಲಿಲ್ಲ. ಹಾಗಾಗಿ ಹಿಂದಿನ ದಿನ ಸಂಜೆ ನಾಳೆಯ ಹೆಸರು ಅವರ ವಿಭಾಗದ ಮೇಲ್ವಿಚಾರಕರಿಗೆ ಹೋಗಬೇಕು. ಅವರು ಸರಿ ಅನ್ನದೆ ಪೋಸ್ಟ್ ಹೋಗಬಾರದು. ತಡೆ ಹಾಕಿದರೆ ಕಾರಣ ಶೀಟಿನಲ್ಲಿ ಬರೆಯುವುದು ಬೇಡ, ತಾರೀಕು ಸಾಕು.

ಟೆಂಪ್ಲೇಟಿನ ಬಗ್ಗೆ ಎರಡು ಮಾತು. ಕನ್ನಡದಲ್ಲಿ ಹೆಸರಿಗೆ ನೇರವಾಗಿ "ಗೆ" ಅಂಟಿಸಿದರೆ ಕೆಡುತ್ತದೆ. ಒಂದು ಹೆಸರಿಗೆ "ನಿಗೆ", ಇನ್ನೊಂದಕ್ಕೆ "ಳಿಗೆ", ಮತ್ತೊಂದಕ್ಕೆ "ವಿಗೆ". ಹೆಸರಾದ ಮೇಲೆ "ಅವರಿಗೆ" ಅಂತ ಇಟ್ಟುಬಿಡಿ. ಎಲ್ಲರಿಗೂ ಹೊಂದುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಎಷ್ಟನೇ ಹುಟ್ಟುಹಬ್ಬ ಅಂತ ಮಾತ್ರ ಬರೆಯಲೇಬೇಡಿ. ಡೌನ್‌ಲೋಡ್ ಮಾಡಿದ ಇ-ಆಧಾರ್ ಫೈಲಿನ ಪಾಸ್‌ವರ್ಡ್ ಅಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಜೊತೆಗೆ ಹುಟ್ಟಿದ ವರ್ಷ. "40ನೇ ಹುಟ್ಟುಹಬ್ಬದ ಶುಭಾಶಯ" ಅಂತ ಹೆಸರು ಸಮೇತ ಹಾಕಿದರೆ ಕಳೆದು ಲೆಕ್ಕ ಹಾಕುವುದಕ್ಕೆ ಯಾರಿಗೂ ಕಷ್ಟ ಇಲ್ಲ. ಆ ಫೈಲ್ ಯಾವುದೋ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದಿರುವುದೂ ಅಪರೂಪವಲ್ಲ.

ಅಕೌಂಟ್ಸ್‌ನ ಅಕ್ಕನಿಗೆ ಕೊನೆಗೆ ಹೋದದ್ದು ಎರಡು. ಆಗಸ್ಟ್ 28ಕ್ಕೆ ಗ್ರೂಪಿನಲ್ಲಿ ಒಂದು ಸಾಲು. ಸೇರಿದ ದಿನಕ್ಕೆ ಪೇಜಿನಲ್ಲಿ ಹೆಸರು, ವಿಭಾಗ, ವರ್ಷ ಇರುವ ಚಿತ್ರವಿಲ್ಲದ ಕಾರ್ಡ್. ಮೇ 25ಕ್ಕೆ ಏನೂ ಇಲ್ಲ.

ಕೊನೆಯದಾಗಿ ಒಪ್ಪಿಗೆ ಹಿಂದೆ ತೆಗೆದುಕೊಳ್ಳುವ ವಿಷಯ. ಇಡೀ ತಿಂಗಳ ಪೋಸ್ಟ್‌ಗಳನ್ನು ಒಂದೇ ದಿನ ಕೂತು ಮೆಟಾ ಬಿಸಿನೆಸ್ ಸೂಟ್‌ನಲ್ಲಿ ಶೆಡ್ಯೂಲ್ ಮಾಡಿಡುವವರಿದ್ದಾರೆ. ಸಮಯ ಉಳಿಯುತ್ತದೆ ನಿಜ. ಆದರೆ ಆಮೇಲೆ ಶೀಟಿನಲ್ಲಿ YES ಇದ್ದದ್ದು NO ಆದರೂ ಶೆಡ್ಯೂಲ್ ಆದ ಪೋಸ್ಟ್‌ಗೆ ಅದರ ಸುಳಿವೇ ಇರುವುದಿಲ್ಲ. ಹೇಳಿದ ಹೊತ್ತಿಗೆ ಅದು ಹೋಗಿಯೇ ಹೋಗುತ್ತದೆ. ಆದ್ದರಿಂದ ಶೆಡ್ಯೂಲ್ ಮಾಡುವುದಿದ್ದರೆ ಹಿಂದಿನ ಸಂಜೆ, ಮೇಲ್ವಿಚಾರಕರು ಸರಿ ಅಂದ ಮೇಲೆ, ಮರುದಿನದ್ದು ಮಾತ್ರ. ಯಾರಾದರೂ ಬೇಡ ಅಂತ ಒಂದು ವಾಟ್ಸಾಪ್ ಕಳಿಸಿದರೆ ಅವತ್ತೇ ಶೀಟ್ ಬದಲಾಗಬೇಕು, ಹಳೆಯ ಪೋಸ್ಟ್ ತೆಗೆಯಿರಿ ಅಂದರೆ ತೆಗೆಯಬೇಕು. ಕೆಲಸ ಬಿಟ್ಟು ಹೋದವರ ಸಾಲನ್ನು G ಕಾಲಂ ಬದಲಿಸಿ ಅಲ್ಲೇ ಇಟ್ಟುಕೊಳ್ಳಬೇಡಿ, ಶುಭಾಶಯದ ಶೀಟಿನಿಂದ ಪೂರ್ತಿ ಅಳಿಸಿ. ಅವರ ತಾರೀಕು ಇನ್ನು ಅಲ್ಲಿ ಯಾರಿಗೂ ಬೇಕಾಗಿಲ್ಲ.