ಕಾಲುವೆಗೆ ವಾರ್ಡ್ ಗೊತ್ತಿಲ್ಲ

ತುಂಗೆಯ ದಡದಲ್ಲಿ ಒಂದು ಊರು, ಅದಕ್ಕೊಂದು ಪಾಲಿಕೆ. ಹೆಸರು ಬೇಡ, ಹೇಳಿದರೆ ನನ್ನ ಮನೆಯ ಖಾತಾ ಕಡತ ಇನ್ನೊಂದು ಮಳೆಗಾಲ ನಿದ್ದೆ ಹೋಗುತ್ತದೆ. ಈ ಪಾಲಿಕೆ ನಯವಾದ ಕಾಗದದಲ್ಲಿ ದೂರದೃಷ್ಟಿ ದಾಖಲೆಯೊಂದನ್ನು ಅಚ್ಚು ಹಾಕಿಸಿದೆ. ಮುಖಪುಟದಲ್ಲಿ ಜೋಗ ಧುಮ್ಮಿಕ್ಕುತ್ತದೆ. ಒಳಗೆ ಗುರಿ: ‘2047ಕ್ಕೆ ಮಳೆನೀರು ನಿಲ್ಲದ ನಗರ.’

ದಾರಿಯನ್ನೂ ಬರೆದಿದ್ದಾರೆ. ನಾಲ್ಕು ವಾರ್ಡ್ ಹಾದು ಹೊಳೆ ಸೇರುವ ರಾಜಕಾಲುವೆಗೆ ಮೂರು ವರ್ಷದಲ್ಲಿ 6 ಕೋಟಿ ರೂಪಾಯಿ. ಮೊದಲು ಸರ್ವೆ ಮತ್ತು ಒತ್ತುವರಿ ತೆರವು, ಆಮೇಲೆ ತಡೆಗೋಡೆ, ಕೊನೆಗೆ ಮೋರಿಗಳು. ಓದಿದರೆ ಆನಂದಬಾಷ್ಪ ಬರಬೇಕು. ಯಾವ ವರ್ಷ, ಬಜೆಟ್ಟಿನ ಯಾವ ಲೆಕ್ಕ ಶೀರ್ಷಿಕೆಯಿಂದ ಎಷ್ಟು ಹಣ ಎಂಬ ಒಂದು ಕಲಂ ಮಾತ್ರ ಇಲ್ಲ.

ಬಜೆಟ್ ಹುಟ್ಟುವುದು ಲೆಕ್ಕ ಶಾಖೆಯಲ್ಲಿ. ಅಲ್ಲಿಯ ಗುಮಾಸ್ತರು ಕಳೆದ ವರ್ಷದ ಹಾಳೆ ತೆಗೆದು ಪ್ರತಿ ಸಾಲಿಗೂ ಶೇಕಡಾ 10 ಸೇರಿಸುತ್ತಾರೆ. ಅವರು ದೂರದೃಷ್ಟಿ ದಾಖಲೆಯನ್ನು ನೋಡಿಯೇ ಇಲ್ಲ. ಅದು ಸಭಾಂಗಣದ ಗಾಜಿನ ಬೀರುವಿನಲ್ಲಿ ಬೀಗದೊಳಗಿದೆ.

ಆದರೂ ಮಳೆನೀರು ಚರಂಡಿಗೆ 2 ಕೋಟಿ ಬಂತು. ಸಾಮಾನ್ಯ ಸಭೆಯಲ್ಲಿ ಸಮಾನತೆ ಎದ್ದು ನಿಂತಿತು: “ಅವರ ವಾರ್ಡಿಗೆ ಮಾತ್ರ ಏಕೆ ಸ್ವಾಮಿ, ನಮ್ಮವರು ಕಂದಾಯ ಕಟ್ಟುವುದಿಲ್ಲವೇ?” 30 ವಾರ್ಡಿಗೆ ಹಂಚಿದಾಗ ತಲಾ ಆರೂವರೆ ಲಕ್ಷ ಚಿಲ್ಲರೆ. ಕಾಲುವೆ ಹಾಯುವ ನಾಲ್ಕಕ್ಕೂ ಸೇರಿ 27 ಲಕ್ಷವೂ ಆಗಲಿಲ್ಲ. ಎಂದೂ ನೀರು ನಿಲ್ಲದ ಗುಡ್ಡದ ಬಡಾವಣೆಯ ಚರಂಡಿಗಳಿಗೆ ಹೊಸ ಚಪ್ಪಡಿ ಬಂತು. ನೀರು ಮಾತ್ರ ವಾರ್ಡ್ ಗಡಿ ಕೇಳದೆ ಇಳಿಜಾರನ್ನೇ ಹಿಡಿಯಿತು.

ಆ 2 ಕೋಟಿಯೂ ಕಾಗದದ್ದೇ. ಹಳೆಯ ಬಾಕಿ ಸಮೇತ ಆಸ್ತಿ ತೆರಿಗೆ ಪೂರ್ತಿ ಬರುತ್ತದೆಂದು ಬರೆದು, ಉಳಿತಾಯದ ಬಜೆಟ್ ಎಂದು ಮೇಜು ಕುಟ್ಟಿದ್ದರು. ಜನವರಿಯಲ್ಲಿ ಪರಿಷ್ಕೃತ ಅಂದಾಜು ಮಾಡುವಾಗ ವಸೂಲಿ ಅರ್ಧಕ್ಕೆ ನಿಂತಿತ್ತು. ಸಂಬಳ ಕಡಿತ ಮಾಡುವಂತಿಲ್ಲ, ನೀರೆತ್ತುವ ಪಂಪಿನ ವಿದ್ಯುತ್ ಬಿಲ್ಲನ್ನು ಬಿಡುವಂತಿಲ್ಲ. ಕತ್ತರಿಗೆ ಸಿಕ್ಕಿದ್ದು ಕಾಲುವೆ.

ಪಂಚಾಂಗವೂ ಪಾಲಿಕೆಯ ಪರ ಇಲ್ಲ. ಮಾರ್ಚಿನಲ್ಲಿ ಬಜೆಟ್, ಮೇ ತಿಂಗಳಲ್ಲಿ ಕ್ರಿಯಾ ಯೋಜನೆಗೆ ಮಂಜೂರಾತಿ, ಜೂನಿನಲ್ಲಿ ಟೆಂಡರು. ಕಾರ್ಯಾದೇಶ ಕೈ ಸೇರುವಾಗ ಪುನರ್ವಸು ಮಳೆ ಹಿಡಿದಿರುತ್ತದೆ. ಗುತ್ತಿಗೆದಾರರು ದೀಪಾವಳಿಯ ನಂತರ ಗುದ್ದಲಿ ಹಿಡಿದು, ಮಾರ್ಚ್ ಕೊನೆಯ ವಾರ ಬಿಲ್ಲು ಹಿಡಿಯುತ್ತಾರೆ. ಕಟ್ಟಿದ ಗೋಡೆಯ ಬುಡದ ಹೂಳನ್ನು ಪ್ರತಿ ಬೇಸಿಗೆಯಲ್ಲಿ ತೆಗೆಯುವ ಖರ್ಚು ಬೇರೆ ಇದೆ. ಅದಕ್ಕೆ ಯೋಜನೆಯಲ್ಲಿ ಒಂದು ಸಾಲೂ ಇಲ್ಲ. ಹೂಳಿಗೆ ಶಂಕುಸ್ಥಾಪನೆ ಮಾಡಲಾಗುವುದಿಲ್ಲವಲ್ಲ!

ವಾರ್ಷಿಕ ವರದಿ ಮಾತ್ರ ಸಂಭ್ರಮದಲ್ಲಿದೆ: ‘ಗೋಡೆ 60 ಮೀಟರ್, ಪ್ರಗತಿ ಶೇಕಡಾ 100.’ ಕತ್ತರಿ ಬಿದ್ದ ಮೇಲೆ ಗುರಿಯನ್ನೇ 60 ಮೀಟರಿಗೆ ಇಳಿಸಿದ್ದರು. ನೀರು ಎಷ್ಟು ಗಂಟೆ ನಿಂತಿತು, ಎಷ್ಟು ಎತ್ತರ ಏರಿತು ಎಂದು ಬರೆದುಕೊಂಡವರು ಇಲ್ಲ.

ಪಕ್ಕದ ಮನೆಯ ರಾಯರು ಬರೆದುಕೊಂಡಿದ್ದಾರೆ. ಪ್ರತಿ ವರ್ಷ ಜಗುಲಿಯ ಗೋಡೆಗೆ ನೀರು ಮುಟ್ಟಿದ ಎತ್ತರದಲ್ಲಿ ಇದ್ದಿಲಿನ ಗೆರೆ ಎಳೆಯುತ್ತಾರೆ. ಈ ಸಲದ್ದು ಹೋದ ಸಲದ್ದಕ್ಕಿಂತ ಒಂದು ಗೇಣು ಮೇಲಿದೆ. ಮೊನ್ನೆ ಬಂದ ಇಂಜಿನಿಯರು ಗೆರೆಗಳನ್ನು ಬಹಳ ಹೊತ್ತು ನೋಡಿದರು.

“ಇದಕ್ಕೊಂದು ಸುಣ್ಣ ಹೊಡೆಸಿಬಿಡಿ ರಾಯರೇ, ಬರುವ ವಾರ ಪರಿಶೀಲನಾ ತಂಡ ಬರುತ್ತದೆ” ಎಂದರು.